ಏಳು ದಿನ, ಎಂಟು ಕ್ಯಾಪ್ಷನ್: ಪುಸ್ತಕದಂಗಡಿಯ ವಾರ್ಷಿಕೋತ್ಸವ ಸೇಲ್‌ಗೆ ಕೌಂಟ್‌ಡೌನ್ ಬರೆಯುವುದು ಹೇಗೆ

ಕೌಂಟ್‌ಡೌನ್ ಅಂದರೆ ತುಂಬಾ ಅಂಗಡಿಯವರು ಮಾಡುವುದು ಇಷ್ಟೇ. ಒಂದು ಪೋಸ್ಟರ್ ಮಾಡಿಸುತ್ತಾರೆ, ಅದರ ಮೇಲೆ ಇವತ್ತು 7, ನಾಳೆ 6, ನಾಳಿದ್ದು 5. ಕೆಳಗೆ ದಿನಾ ಅದೇ ಸಾಲು: "ಭರ್ಜರಿ ರಿಯಾಯಿತಿ, ತಪ್ಪದೇ ಬನ್ನಿ!!!" ಮೊದಲ ದಿನ ನೋಡಿದವರು ಎರಡನೇ ದಿನ ಬೆರಳು ನಿಲ್ಲಿಸುವುದಿಲ್ಲ. ಯಾಕೆ ನಿಲ್ಲಿಸಬೇಕು ಹೇಳಿ, ನಿನ್ನೆಗಿಂತ ಹೊಸದೇನಿದೆ ಅದರಲ್ಲಿ? ಸಂಖ್ಯೆ ಇಳಿದ ಮಾತ್ರಕ್ಕೆ ಓದುವವರ ಉತ್ಸಾಹ ಏರುವುದಿಲ್ಲ.

ಉತ್ಸಾಹ ಏರುವುದು ಸುದ್ದಿಯಿಂದ. ದಿನಕ್ಕೊಂದು ಹೊಸ ಸುದ್ದಿ, ಅದೂ ಸರಿಯಾದ ಸರದಿಯಲ್ಲಿ. ಹಾಗಾಗಿ ಇಲ್ಲಿ ವಿಶೇಷಣಗಳ ಪಟ್ಟಿ ಕೊಡುತ್ತಿಲ್ಲ. ಯಾವ ಸುದ್ದಿಯನ್ನು ಯಾವ ದಿನಕ್ಕೆ ಇಡಬೇಕು, ಆಮೇಲೆ ಅದನ್ನು ಹೇಗೆ ಬರೆಯಬೇಕು, ಇದನ್ನೇ ಒಂದು ಉದಾಹರಣೆ ಇಟ್ಟುಕೊಂಡು ಕೊನೆಯವರೆಗೂ ನೋಡೋಣ.

ಉದಾಹರಣೆಗೆ ಒಂದು ಅಂಗಡಿ

ದಾವಣಗೆರೆಯ ಪಿ.ಜೆ. ಬಡಾವಣೆ, ರಾಮ್ ಅಂಡ್ ಕೋ ಸರ್ಕಲ್ ಹತ್ತಿರ, ಮೊದಲ ಮಹಡಿಯಲ್ಲಿ ಒಂದು ಪುಸ್ತಕದಂಗಡಿ ಇದೆ ಅಂತ ಅಂದುಕೊಳ್ಳಿ. ಕೆಳಗೆ ಮೆಡಿಕಲ್ ಶಾಪ್, ಅದರ ಪಕ್ಕದಲ್ಲೇ ಮೆಟ್ಟಿಲು. ಅಂಗಡಿಗೆ ಈ ಜುಲೈಗೆ 12 ವರ್ಷ ತುಂಬುತ್ತದೆ. ಸೇಲ್ ಇರುವುದು ಎರಡು ದಿನ, ಜುಲೈ 18 ಶನಿವಾರ ಮತ್ತು 19 ಭಾನುವಾರ. ಆಷಾಢ ಬೇರೆ. ಊರಿನ ಬಟ್ಟೆ ಅಂಗಡಿಗಳೆಲ್ಲ ಆಷಾಢದ ಸೇಲ್ ಅಂತ ಕೂಗುತ್ತಿರುವ ಹೊತ್ತು. ಆ ಗದ್ದಲದಲ್ಲಿ ಇನ್ನೂ ಜೋರಾಗಿ ಕೂಗಿ ಗೆಲ್ಲುವುದು ಸಣ್ಣ ಪುಸ್ತಕದಂಗಡಿಯಿಂದ ಆಗುವ ಕೆಲಸ ಅಲ್ಲ.

ಮೊದಲು ಮಾಲೀಕರ ಜೊತೆ ಕೂತು ಸುದ್ದಿ ಹೆಕ್ಕಿ

ಫೋನ್ ತೆಗೆದು ಟೈಪ್ ಮಾಡೋಕೆ ಮುಂಚೆ ಒಂದು ಹಾಳೆ ತಗೊಳ್ಳಿ. ಅಂಗಡಿಯವರನ್ನು ಕೂರಿಸಿಕೊಂಡು ಕೇಳಿ: ಏನೇನು ಕೊಡ್ತೀರಿ, ಯಾವುದಕ್ಕೆ ಕೊಡಲ್ಲ, ಎಷ್ಟು ಪ್ರತಿ ಇದೆ, ಬಾಗಿಲು ಎಷ್ಟೊತ್ತಿಗೆ. "ಎಲ್ಲದಕ್ಕೂ ಏನಾದ್ರೂ ಕೊಡೋಣ ಬಿಡಿ" ಅಂದರೆ ಒಪ್ಪಬೇಡಿ. ಅಂಕಿ ಸಿಗುವವರೆಗೆ ಏಳಬೇಡಿ. ಶೇ 20 ಅಂದರೆ ಮುದ್ರಿತ ಬೆಲೆಯ ಮೇಲೆ ಶೇ 20 ಅಲ್ವಾ, ಬಿಲ್‌ನ ಒಟ್ಟು ಮೊತ್ತದ ಮೇಲಲ್ಲ ಅಲ್ವಾ ಅಂತಲೂ ಕೇಳಿ ಬರೆದುಕೊಳ್ಳಿ. ಕೌಂಟರ್‌ನಲ್ಲಿ ಜಗಳ ಆಗುವುದು ಇಂಥ ಕಡೆಯೇ.

ನಮ್ಮ ಅಂಗಡಿಯಲ್ಲಿ ಸಿಕ್ಕಿದ್ದು ಇವು. ಕನ್ನಡ ಪುಸ್ತಕಗಳಿಗೆ ಶೇ 20. ಮಕ್ಕಳ ಪುಸ್ತಕಗಳಿಗೆ ಶೇ 25. ಪಠ್ಯಪುಸ್ತಕ, ಗೈಡ್, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಗೆ ರಿಯಾಯಿತಿ ಇಲ್ಲ. ಮೊದಲ 100 ಬಿಲ್‌ಗೆ ಒಂದೊಂದು ಬಟ್ಟೆ ಚೀಲ. ಇನ್ನೊಂದು, ಗೋದಾಮಿನಲ್ಲಿ ವರ್ಷಗಟ್ಟಲೆ ಉಳಿದ ಸುಮಾರು 300 ಹಳೇ ಪ್ರತಿಗಳಿವೆ, ಅವನ್ನೆಲ್ಲ ಒಂದೇ ರ್ಯಾಕ್‌ಗೆ ಹಾಕಿ ಯಾವುದಾದರೂ 50 ರೂಪಾಯಿಗೆ ಕೊಡೋದು.

ಇಷ್ಟು ಹೇಳಿ ಮಾಲೀಕರು ಎದ್ದೇ ಬಿಡುತ್ತಾರೆ. ಆಗ ಇನ್ನೊಂದು ಪ್ರಶ್ನೆ ಕೇಳಿ: ಮೊದಲ ದಿನದ್ದು ಏನಾದರೂ ಉಳಿದಿದೆಯಾ? ಬೋರ್ಡ್, ಫೋಟೊ, ಬೀಗ, ಏನಾದರೂ. ನಮ್ಮ ಉದಾಹರಣೆಯಲ್ಲಿ ಮೇಜಿನ ಕೆಳಗಿನ ಖಾನೆಯಿಂದ ಮೊದಲ ಬಿಲ್ ಬುಕ್ ಹೊರಗೆ ಬರುತ್ತದೆ. ರಟ್ಟು ಮೆತ್ತಗಾಗಿದೆ, ಕಾರ್ಬನ್ ಪ್ರತಿಯ ನೀಲಿ ಅಕ್ಷರ ಅರ್ಧ ಅಳಿಸಿದೆ, ಆದರೂ ಬಿಲ್ ನಂಬರ್ 1 ಓದೋಕೆ ಬರುತ್ತದೆ: ಮಕ್ಕಳ ಕಥೆ ಪುಸ್ತಕ ಎರಡು, 70 ರೂಪಾಯಿ. ವಾರ್ಷಿಕೋತ್ಸವದ ಸೇಲ್‌ಗೂ ಸುಮ್ನೆ ಇನ್ನೊಂದು ಸೇಲ್‌ಗೂ ವ್ಯತ್ಯಾಸ ಮಾಡುವುದು ಇಂಥ ಒಂದು ವಸ್ತು. ಇದು ಸಿಗದೇ ಇದ್ದರೆ ಸರಣಿಯ ಮೊದಲ ದಿನವೇ ಒಣಗಿಹೋಗುತ್ತದೆ.

ಸರದಿ: ಮುಗಿಯದ್ದು ಮೊದಲು, ಮುಗಿದುಹೋಗುವುದು ಕೊನೆಗೆ

ಈ ಹಂತಕ್ಕೇ ಜಾಸ್ತಿ ಸಮಯ ಕೊಡಿ. ಬರವಣಿಗೆ ಆಮೇಲೆ ತಾನಾಗಿ ಬರುತ್ತದೆ.

ಸಾಮಾನ್ಯವಾಗಿ ಬರುವ ಯೋಚನೆ ಏನೆಂದರೆ, ದೊಡ್ಡ ರಿಯಾಯಿತಿಯನ್ನು ಕೊನೆಯ ದಿನದವರೆಗೆ ಮುಚ್ಚಿಟ್ಟು ಢಂ ಅಂತ ಹೇಳೋಣ ಅನ್ನುವುದು. ಇದು ಪುಸ್ತಕದಂಗಡಿಗೆ ಹೊಂದುವುದಿಲ್ಲ. ಹರಿಹರದಿಂದ, ಚನ್ನಗಿರಿಯಿಂದ, ಹೊನ್ನಾಳಿಯಿಂದ ಬರುವವರು ಶುಕ್ರವಾರ ರಾತ್ರಿ ಶೇ 20 ಅಂತ ಓದಿದರೆ ಶನಿವಾರ ಹೇಗೆ ಹೊರಡುತ್ತಾರೆ? ಅವರು ಒಂದು ವಾರ ಮುಂಚೆ ತೀರ್ಮಾನ ಮಾಡಬೇಕು, ದುಡ್ಡು ಎತ್ತಿಡಬೇಕು, ಬೇಕಾದ ಪುಸ್ತಕದ ಪಟ್ಟಿ ಮಾಡಬೇಕು. ಅದೂ ಅಲ್ಲದೆ ಶೇ 20 ಅನ್ನುವುದು ಪುಸ್ತಕ ಕೊಳ್ಳುವವರಿಗೆ ಕೇಳಿ ಅಭ್ಯಾಸ ಇರುವ ಅಂಕಿ. ನವೆಂಬರ್‌ನಲ್ಲಿ ರಾಜ್ಯೋತ್ಸವದ ಹೊತ್ತಿಗೆ ಅಷ್ಟು, ಅದಕ್ಕಿಂತ ಜಾಸ್ತಿ ಕೊಡುವವರೂ ಇರುತ್ತಾರೆ. ಅದನ್ನೇ ಕೊನೆಯ ಪಟಾಕಿ ಅಂತ ಇಟ್ಟುಕೊಂಡರೆ ಅದು ಸಿಡಿಯುವುದಿಲ್ಲ.

ಹಾಗಾಗಿ ಹಾಳೆಯಲ್ಲಿರುವ ಪ್ರತಿ ಸುದ್ದಿಗೂ ಒಂದೇ ಪ್ರಶ್ನೆ ಕೇಳಿ: ಇದು ಮುಗಿದುಹೋಗುತ್ತದಾ? ಶೇ 20 ಮುಗಿಯುವುದಿಲ್ಲ. ಭಾನುವಾರ ರಾತ್ರಿ ಎಂಟೂವರೆಗೆ ಬಂದವರಿಗೂ ಸಿಗುತ್ತದೆ. ಅದು ಮೊದಲು. 300 ಪ್ರತಿಯ ರ್ಯಾಕ್ ಮುಗಿಯುತ್ತದೆ. 100 ಚೀಲ ಇನ್ನೂ ಬೇಗ ಮುಗಿಯುತ್ತದೆ. ಅವು ಕೊನೆಗೆ. ಹೀಗೆ ಇಟ್ಟಾಗ ಕೊನೆಯ ದಿನಗಳ ಅವಸರ ನಿಜವಾದ ಅವಸರ ಆಗಿರುತ್ತದೆ, ನೀವು ಅದನ್ನು ಪದಗಳಿಂದ ಹುಟ್ಟಿಸಬೇಕಾಗಿಲ್ಲ.

ನಮ್ಮ ಸರದಿ ಹೀಗೆ ಆಯಿತು:

7 (ಜುಲೈ 11, ಶನಿವಾರ): ಮೊದಲ ಬಿಲ್, 12 ವರ್ಷ, ದಿನಾಂಕ
6 (12, ಭಾನುವಾರ): ಕನ್ನಡ ಪುಸ್ತಕ ಶೇ 20
5 (13, ಸೋಮವಾರ): ಮಕ್ಕಳ ಪುಸ್ತಕ ಶೇ 25
4 (14, ಮಂಗಳವಾರ): ಯಾವುದಕ್ಕೆ ರಿಯಾಯಿತಿ ಇಲ್ಲ, ಜನ ಕೇಳಿದ ಪ್ರಶ್ನೆಗಳು
3 (15, ಬುಧವಾರ): 50 ರೂಪಾಯಿ ರ್ಯಾಕ್
2 (16, ಗುರುವಾರ): ಆ ರ್ಯಾಕ್‌ನ ಒಂದೇ ಒಂದು ಪುಸ್ತಕ
1 (17, ಶುಕ್ರವಾರ): ಚೀಲ, ತಯಾರಿ ಮುಗಿದಿದೆ
0 (18, ಶನಿವಾರ): ಬಾಗಿಲು ತೆಗೆದಿದೆ

ಶೇ 20 ಭಾನುವಾರಕ್ಕೆ ಬಿದ್ದದ್ದು ಬೇಕಂತಲೇ. ಮನೆಯಲ್ಲಿ ಎಲ್ಲರೂ ಇರುತ್ತಾರೆ, ಮುಂದಿನ ಶನಿವಾರ ಪೇಟೆಗೆ ಹೋಗೋಣವಾ ಅಂತ ಮಾತಾಗುವ ದಿನ ಅದು. ಮಂಗಳವಾರ ಉತ್ಸಾಹ ಸ್ವಲ್ಪ ತಗ್ಗುತ್ತದೆ, ಅದೂ ಬೇಕಂತಲೇ. ಮಧ್ಯದಲ್ಲಿ ಒಂದು ಸಪ್ಪೆ ದಿನ ಇದ್ದರೆ ಬುಧವಾರದ ರ್ಯಾಕ್ ಎದ್ದು ಕಾಣುತ್ತದೆ. ದಿನಾ ಏರುತ್ತಲೇ ಹೋದರೆ ನಾಲ್ಕನೇ ದಿನಕ್ಕೆ ನಿಮ್ಮ ಹತ್ತಿರ ಏರಲು ಜಾಗವೇ ಇರುವುದಿಲ್ಲ.

ಹಾಳೆಯಲ್ಲಿ ಎಂಟು ದಿನಕ್ಕೆ ಸಾಲುವಷ್ಟು ಸುದ್ದಿ ಇಲ್ಲದಿದ್ದರೆ? ದಿನ ಕಡಿಮೆ ಮಾಡಿ. ನಾಲ್ಕು ಸುದ್ದಿಗೆ ನಾಲ್ಕು ದಿನ ಸಾಕು. ನಾಲ್ಕು ಸುದ್ದಿಯನ್ನು ಹತ್ತು ದಿನಕ್ಕೆ ಎಳೆದರೆ ಆರು ದಿನ ಬರೀ ಕೂಗಾಟ ಆಗುತ್ತದೆ. ಇಲ್ಲಿ ಚಿತ್ರದುರ್ಗದವರಿಗೆ ಒಂದು ಆಸೆ ಹುಟ್ಟುವುದು ಸಹಜ, ಏಳು ಸುತ್ತಿನ ಕೋಟೆ ಇದೆ, ದಿನಕ್ಕೊಂದು ಸುತ್ತು ದಾಟುತ್ತಾ ಬರೋಣ ಅಂತ. ಚೆನ್ನಾಗೇ ಇರುತ್ತದೆ, ಆದರೆ ಪ್ರತಿ ಸುತ್ತಿನ ಹಿಂದೆಯೂ ಒಂದು ಸುದ್ದಿ ಇರಬೇಕು. ಬರೀ "ಮೂರನೇ ಸುತ್ತಿಗೆ ಬಂದೆವು" ಅಂದರೆ ಪೋಸ್ಟರ್ ಮೇಲಿನ ಅಂಕಿಗೂ ಅದಕ್ಕೂ ಏನು ವ್ಯತ್ಯಾಸ?

ಬರೆಯುವುದು ಕೊನೆಯಿಂದ ಹಿಂದಕ್ಕೆ

ಮೊದಲು 0 ಬರೆಯಿರಿ. ಆಮೇಲೆ 1, ಆಮೇಲೆ 2. ಕಾರಣ ಸರಳ. 7ರಿಂದ ಶುರು ಮಾಡಿದವರು ಮೊದಲ ದಿನವೇ ತಮ್ಮ ಒಳ್ಳೆಯ ಮಾತುಗಳನ್ನೆಲ್ಲ ಖರ್ಚು ಮಾಡಿಬಿಡುತ್ತಾರೆ. ಕೊನೆಯದ್ದು ಮೊದಲೇ ಕಣ್ಣ ಮುಂದಿದ್ದರೆ, ಹಿಂದಿನದ್ದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿರಬೇಕು ಅನ್ನುವುದು ನೆನಪಿರುತ್ತದೆ.

ನಮ್ಮ 0:

> ಬಾಗಿಲು ತೆಗೆದಿದೆ. ಬರ್ರಿ!
> 50 ರೂಪಾಯಿ ರ್ಯಾಕ್, ಒಳಗೆ ಬಂದ ಕೂಡಲೇ ಎಡಗಡೆ.
> ಶನಿವಾರ ಜುಲೈ 18, ಭಾನುವಾರ ಜುಲೈ 19. ಬೆಳಿಗ್ಗೆ 10ರಿಂದ ರಾತ್ರಿ 9.
> ರಾಮ್ ಅಂಡ್ ಕೋ ಸರ್ಕಲ್ ಹತ್ತಿರ, ಮೆಡಿಕಲ್ ಶಾಪ್ ಪಕ್ಕದ ಮೆಟ್ಟಿಲು, ಮೊದಲ ಮಹಡಿ.

ಇದನ್ನು ಹಾಕುವುದು ಹತ್ತು ಗಂಟೆಗೆ, ಷಟರ್ ಎತ್ತಿದ ಮೇಲೆ, ಆಗಲೇ ತೆಗೆದ ಫೋಟೊ ಜೊತೆ. ಮುಂಚೆಯೇ ಶೆಡ್ಯೂಲ್ ಮಾಡಿಟ್ಟು, ಆ ದಿನ ಬೀಗ ತೆಗೆಯುವುದು ಅರ್ಧ ಗಂಟೆ ತಡವಾದರೆ, ಕೆಳಗೆ ನಿಂತವರು ಫೋನ್ ತೋರಿಸಿ ಕೇಳುತ್ತಾರೆ. "ಬರ್ರಿ" ಅನ್ನುವ ನಮ್ಮೂರ ಕರೆ ಇಡೀ ಸರಣಿಯಲ್ಲಿ ಇದೊಂದೇ ಕಡೆ ಇದೆ ನೋಡಿ. ಎಂಟೂ ದಿನ ಆಡುಮಾತಿನಲ್ಲೇ ಬರೆದರೆ ವೇಷ ಹಾಕಿದ ಹಾಗೆ ಕಾಣುತ್ತದೆ. ಬೆಣ್ಣೆ ದೋಸೆಯನ್ನೂ ಬಿಟ್ಟಿದ್ದೇವೆ, ದಾವಣಗೆರೆಯ ಯಾವ ಅಂಗಡಿ ಏನು ಮಾರಿದರೂ ಪೋಸ್ಟ್‌ನಲ್ಲಿ ಅದು ಬಂದೇ ಬರುತ್ತದೆ.

1, ಶುಕ್ರವಾರ:

> ನಾಳೆ ಶನಿವಾರ, ಜುಲೈ 18. ಬೆಳಿಗ್ಗೆ 10.
> ರ್ಯಾಕ್ ತುಂಬಿಸಿ ಆಯಿತು. ಬೆಲೆ ಚೀಟಿ ಅಂಟಿಸಿ ಆಯಿತು. ಮೊದಲ 100 ಬಿಲ್‌ಗೆ ಕೊಡುವ ಬಟ್ಟೆ ಚೀಲ ಹೊಲಿಸಿ ತಂದಾಯಿತು.
> ನೀವು ಬರೋದೊಂದೇ ಬಾಕಿ!

ಚೀಲದ ಸುದ್ದಿ ಇಲ್ಲಿಯವರೆಗೆ ಎಲ್ಲೂ ಬಂದಿಲ್ಲ. ಕೊನೆಯ ದಿನವೂ ಹೊಸದೊಂದು ಇರಬೇಕು, ಚಿಕ್ಕದಾದರೂ ಸರಿ. ಮೂರು ಸಲ ಬರುವ "ಆಯಿತು" ತಯಾರಿ ಮುಗಿದ ಭಾವ ಕೊಡುತ್ತದೆ, "ಇನ್ನು ಕೆಲವೇ ಗಂಟೆಗಳು" ಅಂತ ಬೇರೆ ಹೇಳಬೇಕಾಗಿಲ್ಲ.

2, ಗುರುವಾರ. ಇಲ್ಲಿ ಕ್ಯಾಮೆರಾ ತುಂಬಾ ಹತ್ತಿರ ಹೋಗಬೇಕು:

> ಬೆನ್ನು ಬಿಸಿಲಿಗೆ ಮಾಸಿದೆ. ಮೇಲಿನ ಮೂಲೆ ಸ್ವಲ್ಪ ಮಡಚಿದೆ. ಒಳಗೆ ಒಂದು ಹಾಳೆಯೂ ಹೋಗಿಲ್ಲ.
> ಮುದ್ರಿತ ಬೆಲೆ 150. ರ್ಯಾಕ್‌ನಲ್ಲಿ 50.
> ಈ ಕಥಾ ಸಂಕಲನದ್ದು ಇರೋದು ಎರಡೇ ಪ್ರತಿ. ನಾಳಿದ್ದು ಶನಿವಾರ, ಜುಲೈ 18ಕ್ಕೆ ಯಾರ ಕೈಗೆ ಸಿಗುತ್ತೋ.

ಈ ಕ್ಯಾಪ್ಷನ್ ಬರೆಯುವಾಗ ಪುಸ್ತಕ ನಿಮ್ಮ ಕೈಯಲ್ಲೇ ಇರಲಿ. ಮಾಸಿದ್ದನ್ನು ಮುಚ್ಚಬೇಡಿ. ಹಳೇ ಸ್ಟಾಕ್ ಅಂತ ಎಲ್ಲರಿಗೂ ಗೊತ್ತಾಗುತ್ತದೆ, ನೀವೇ ಮೊದಲು ಹೇಳಿದರೆ "ಪುಟ ಸರಿಯಿದೆ" ಅನ್ನುವ ಮುಂದಿನ ಮಾತನ್ನು ನಂಬುತ್ತಾರೆ. ಎರಡೇ ಪ್ರತಿ ಅಂದರೆ ಎರಡೇ ಇರಬೇಕು. ಒಳಗೆ ಇನ್ನೂ ಇಪ್ಪತ್ತು ಇಟ್ಟುಕೊಂಡು ಎರಡು ಅಂದರೆ, ಭಾನುವಾರವೂ ಅದು ರ್ಯಾಕ್‌ನಲ್ಲಿ ಕಂಡಾಗ ಮುಂದಿನ ವರ್ಷದ ಕೌಂಟ್‌ಡೌನ್ ಯಾರೂ ನಂಬುವುದಿಲ್ಲ.

3, ಬುಧವಾರ:

> ಇಷ್ಟು ದಿನ ಒಂದು ವಿಷಯ ಹೇಳದೆ ಇಟ್ಟುಕೊಂಡಿದ್ದೆವು.
> ಒಂದು ರ್ಯಾಕ್. ಸುಮಾರು 300 ಪುಸ್ತಕ. ಯಾವುದನ್ನು ತೆಗೆದರೂ 50 ರೂಪಾಯಿ.
> ಕಥೆ, ಕಾದಂಬರಿ, ಪ್ರವಾಸ, ನಾಟಕ, ಎಲ್ಲ ಬೆರೆತಿದೆ, ವಿಂಗಡಿಸಿಲ್ಲ, ಹುಡುಕೋದೇ ಮಜಾ. ಖಾಲಿಯಾದರೆ ಮತ್ತೆ ತುಂಬಿಸೋಕೆ ನಮ್ಮ ಹತ್ತಿರ ಇಲ್ಲ.
> ಶನಿವಾರ ಜುಲೈ 18, ಬೆಳಿಗ್ಗೆ 10.

4, ಮಂಗಳವಾರ. ಇದನ್ನು ಮಾತ್ರ ಅರ್ಧ ಬರೆದು ಬಿಡಿ. 7, 6, 5ರ ಕೆಳಗೆ ಜನ ಏನು ಕೇಳುತ್ತಾರೋ ಅದನ್ನು ಸೋಮವಾರ ರಾತ್ರಿ ಸೇರಿಸಿ ಮುಗಿಸಿ. ನಮ್ಮ ಉದಾಹರಣೆಯಲ್ಲಿ ಹೀಗೆ ಬಂದಿದೆ ಅಂದುಕೊಳ್ಳೋಣ:

> ನೀವು ಕೇಳಿದ್ದಕ್ಕೆ ನೇರ ಉತ್ತರ.
> ಪಠ್ಯಪುಸ್ತಕ, ಗೈಡ್, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಗೆ ರಿಯಾಯಿತಿ ಇಲ್ಲ. ಬೇಜಾರು ಮಾಡ್ಕೋಬೇಡಿ.
> ಉಳಿದ ಕನ್ನಡ ಪುಸ್ತಕಕ್ಕೆಲ್ಲ ಶೇ 20, ಮಕ್ಕಳ ಪುಸ್ತಕಕ್ಕೆ ಶೇ 25. ಎರಡೂ ಮುದ್ರಿತ ಬೆಲೆಯ ಮೇಲೆ. ಯುಪಿಐ ಆಗುತ್ತದೆ, ನಗದೂ ಆಗುತ್ತದೆ. ಫೋನ್‌ನಲ್ಲಿ ಹೇಳಿ ಪುಸ್ತಕ ಎತ್ತಿಡಿಸುವುದು ಆಗುವುದಿಲ್ಲ.
> ಇನ್ನೊಂದು ಪ್ರಶ್ನೆ ಇದೆ, ಹಳೇ ಸ್ಟಾಕ್ ಏನು ಮಾಡ್ತೀರಿ ಅಂತ. ಅದಕ್ಕೆ ನಾಳೆ, ಬುಧವಾರ 15ಕ್ಕೆ ಉತ್ತರ.

ದಾವಣಗೆರೆಯಲ್ಲಿ ಪರೀಕ್ಷೆಗೆ ಓದುವ ಹುಡುಗರು ಜಾಸ್ತಿ. ಅವರು ಮೆಟ್ಟಿಲು ಹತ್ತಿ ಬಂದು ಕೌಂಟರ್‌ನಲ್ಲಿ "ಇದಕ್ಕಿಲ್ಲ" ಅಂತ ಕೇಳಿಸಿಕೊಳ್ಳುವುದಕ್ಕಿಂತ ನಾಲ್ಕು ದಿನ ಮುಂಚೆ ಓದಿಕೊಳ್ಳುವುದು ಒಳ್ಳೆಯದಲ್ವಾ? ಕೆಟ್ಟ ಸುದ್ದಿಯನ್ನು ಹೇಳುವ ಜಾಗ ಮಧ್ಯದಲ್ಲೇ. ಮೊದಲ ದಿನ ಹೇಳಿದರೆ ಕಹಿ, ಕೊನೆಯ ದಿನ ಹೇಳಿದರೆ ಮೋಸ. ಕೊನೆಯ ಸಾಲು ಗಮನಿಸಿ. ಉಳಿದ ಏಳರಲ್ಲಿ ಎಲ್ಲೂ ನಾಳೆಯ ಕ್ಯಾಪ್ಷನ್‌ಗೆ ಕೊಂಡಿ ಹಾಕಿಲ್ಲ, ಇಲ್ಲಿ ಮಾತ್ರ ಹಾಕಿದ್ದೇವೆ. ದಿನಾ "ನಾಳೆ ನೋಡಿ" ಅಂದರೆ ಧಾರಾವಾಹಿ ಆಗುತ್ತದೆ.

5, ಸೋಮವಾರ:

> ಕಿಟಕಿ ಪಕ್ಕದ ಕಪಾಟಿನಲ್ಲಿ ಕೆಳಗಿನ ಎರಡು ಸಾಲು ಮಕ್ಕಳ ಕೈಗೆ ಎಟುಕುವ ಹಾಗೆ ಇಟ್ಟಿದ್ದೇವೆ. ಅವರೇ ತೆಗೆಯಲಿ, ಅಲ್ಲೇ ಕೂತು ಓದಲಿ, ಯಾರೂ ಏನೂ ಅನ್ನಲ್ಲ.
> ಜುಲೈ 18 ಮತ್ತು 19ಕ್ಕೆ ಮಕ್ಕಳ ಪುಸ್ತಕಗಳಿಗೆಲ್ಲ ಶೇ 25 ಕಡಿಮೆ.
> ಶನಿವಾರ ಸ್ಕೂಲ್ ಬಿಟ್ಟ ಮೇಲೆ ಕರ್ಕೊಂಡು ಬನ್ನಿ.

6, ಭಾನುವಾರ:

> ಮುಂದಿನ ಶನಿವಾರ ಮತ್ತು ಭಾನುವಾರ, ಜುಲೈ 18 ಮತ್ತು 19, ನಮ್ಮಲ್ಲಿರುವ ಕನ್ನಡ ಕಥೆ, ಕಾದಂಬರಿ, ಕವನ, ಇತಿಹಾಸ, ವಿಜ್ಞಾನ ಪುಸ್ತಕಗಳಿಗೆಲ್ಲ ಶೇ 20 ರಿಯಾಯಿತಿ.
> "ವರೆಗೆ" ಇಲ್ಲ. ಎಲ್ಲದಕ್ಕೂ ಶೇ 20.
> ತಗೋಬೇಕು ಅಂತ ಮುಂದೂಡುತ್ತಾ ಬಂದ ಪುಸ್ತಕಗಳ ಪಟ್ಟಿ ಇವತ್ತೇ ಬರೆದಿಟ್ಟುಕೊಳ್ಳಿ.

7, ಶನಿವಾರ. ಎಲ್ಲಕ್ಕಿಂತ ನಿಧಾನ, ಎಲ್ಲಕ್ಕಿಂತ ಉದ್ದ:

> ಬಿಲ್ ನಂಬರ್ 1: ಮಕ್ಕಳ ಕಥೆ ಪುಸ್ತಕ ಎರಡು, 70 ರೂಪಾಯಿ.
> 12 ವರ್ಷದ ಹಿಂದೆ ಈ ಮೆಟ್ಟಿಲು ಹತ್ತಿ ಬಂದ ಮೊದಲ ಗಿರಾಕಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಆಗ ಒಳಗೆ ಇದ್ದದ್ದು ನಾಲ್ಕೇ ಕಪಾಟು, ಚಿಲ್ಲರೆ ಕೊಡೋಕೂ ಕೆಳಗಿನ ಮೆಡಿಕಲ್ ಶಾಪ್‌ಗೆ ಓಡಬೇಕಾಗಿತ್ತು.
> ಆ ಬಿಲ್ ಬುಕ್ ಇನ್ನೂ ನಮ್ಮ ಹತ್ತಿರ ಇದೆ. ಜುಲೈ 18ಕ್ಕೆ ಕೌಂಟರ್ ಮೇಲೆ ಇಡ್ತೀವಿ, ಬಂದು ನೋಡಿ.
> ಇನ್ನು 7 ದಿನ.

ರಿಯಾಯಿತಿಯ ಮಾತೇ ಇಲ್ಲ ಇದರಲ್ಲಿ. ಇರಬಾರದು ಕೂಡ.

ಈಗ ಎಂಟನ್ನೂ 7ರಿಂದ 0ವರೆಗೆ ಒಟ್ಟಿಗೆ ಓದಿ ನೋಡಿ. ಕ್ರಿಯಾಪದ ಬದಲಾಗುತ್ತಾ ಬಂದಿರುತ್ತದೆ: "ಬಂದಿದ್ದರು" ಇಂದ ಶುರುವಾಗಿ, "ಬರೆದಿಟ್ಟುಕೊಳ್ಳಿ", "ಕರ್ಕೊಂಡು ಬನ್ನಿ" ದಾಟಿ, "ಬರ್ರಿ!" ಅಲ್ಲಿ ನಿಲ್ಲುತ್ತದೆ. ಅಂಗಡಿಯಿಂದ ಕಪಾಟಿಗೆ, ಕಪಾಟಿನಿಂದ ರ್ಯಾಕ್‌ಗೆ, ರ್ಯಾಕ್‌ನಿಂದ ಒಂದು ಪುಸ್ತಕದ ಮಡಚಿದ ಮೂಲೆಗೆ ನೋಟ ಹತ್ತಿರವಾಗುತ್ತದೆ. ವಾಕ್ಯ ಚಿಕ್ಕದಾಗುತ್ತದೆ. ಆಶ್ಚರ್ಯಸೂಚಕ ಇರುವುದು ಎರಡೇ, ಎರಡೂ ಕೊನೆಯ ಎರಡು ದಿನದಲ್ಲಿ. ಈ ಮಿತಿಯನ್ನು ಮೊದಲೇ ಹಾಕಿಕೊಳ್ಳಿ. 7ನೇ ದಿನವೇ ಮೂರು ಹಾಕಿದವರು 0ಗೆ ಎಷ್ಟು ಹಾಕುತ್ತಾರೆ, ಹನ್ನೆರಡಾ?

ದಿನಾಂಕದ ತಕರಾರು

ಇದು ಚಿಕ್ಕದು ಅನ್ನಿಸುತ್ತದೆ, ಸರಣಿ ಕೆಡುವುದು ಮಾತ್ರ ಇಲ್ಲೇ.

ಇನ್‌ಸ್ಟಾಗ್ರಾಮ್ ಫೀಡ್ ಪೋಸ್ಟ್‌ಗಳನ್ನು ಹಾಕಿದ ಕ್ರಮದಲ್ಲೇ ತೋರಿಸುವುದಿಲ್ಲ. ಬುಧವಾರ ಹಾಕಿದ "ಇನ್ನು 3 ದಿನ" ಯಾರಿಗೋ ಶುಕ್ರವಾರ ಸಂಜೆ ಕಾಣುತ್ತದೆ. ಅವರು ಲೆಕ್ಕ ಹಾಕಿ ಸೋಮವಾರ ಬರುತ್ತಾರೆ. ಹಾಗಾಗಿ ಫೀಡ್‌ನಲ್ಲಿ "ನಾಳೆ", "ನಾಳಿದ್ದು", "ಇನ್ನು 3 ದಿನ" ಯಾವುದು ಬರೆದರೂ ಅದೇ ಉಸಿರಿನಲ್ಲಿ ವಾರ ಮತ್ತು ದಿನಾಂಕ ಎರಡೂ ಇರಬೇಕು. ಮೇಲೆ 7ರಲ್ಲಿ ಬರೀ ಜುಲೈ 18 ಅಂತ ಇದೆ, ಫೋಟೊ ಮೇಲೆ "ಶನಿವಾರ" ಬರೆದರೆ ನಡೆಯುತ್ತದೆ. ವಾಟ್ಸ್‌ಆ್ಯಪ್ ಸ್ಟೇಟಸ್ 24 ಗಂಟೆಗೆ ಮಾಯವಾಗುತ್ತದೆ, ಅಲ್ಲಿ "ನಾಳೆ" ಅಂತ ಧೈರ್ಯವಾಗಿ ಬರೆಯಬಹುದು.

ಎಣಿಕೆಯನ್ನೂ ಒಂದೇ ರೀತಿ ಇಟ್ಟುಕೊಳ್ಳಿ. ಸೇಲ್ ಶುರುವಾಗುವ ದಿನ 0, ಅದರ ಹಿಂದಿನ ದಿನ 1. ಪೋಸ್ಟರ್ ಮಾಡುವವರು ಸೇಲ್ ದಿನವನ್ನೇ 1 ಅಂತ ಎಣಿಸಿ, ಕ್ಯಾಪ್ಷನ್ ಬರೆಯುವವರು 0 ಅಂತ ಎಣಿಸಿದರೆ, ಚಿತ್ರದಲ್ಲಿ ಒಂದು ಸಂಖ್ಯೆ ಕೆಳಗೆ ಇನ್ನೊಂದು. ಎಂಟು ಫೈಲ್‌ಗೂ ದಿನಾಂಕವನ್ನೇ ಹೆಸರಾಗಿ ಕೊಟ್ಟರೆ ಈ ಗೊಂದಲ ಬರುವುದಿಲ್ಲ.

ಮೊದಲ ಎರಡು ಸಾಲು, ಮತ್ತು ವಾಟ್ಸ್‌ಆ್ಯಪ್

ಫೀಡ್‌ನಲ್ಲಿ ಕ್ಯಾಪ್ಷನ್‌ನ ಮೊದಲ ಒಂದೆರಡು ಸಾಲಷ್ಟೇ ಕಾಣುತ್ತದೆ, ಉಳಿದದ್ದು more ಹಿಂದೆ ಹೋಗುತ್ತದೆ. ಕನ್ನಡದ ಪದಗಳು ಉದ್ದ, ಏಳೆಂಟು ಪದಕ್ಕೇ ಜಾಗ ತುಂಬಿಬಿಡುತ್ತದೆ. ಹಾಗಾಗಿ ಮೊದಲ ಸಾಲಿನಲ್ಲಿ "ಪ್ರಿಯ ಓದುಗರೇ, ನಿಮ್ಮೆಲ್ಲರ ಪ್ರೀತಿ ಮತ್ತು ಸಹಕಾರದಿಂದ" ಅಂತ ಶುರು ಮಾಡಿದರೆ ಸುದ್ದಿ ಬರುವ ಮುಂಚೆ ಪರದೆ ಮುಗಿಯುತ್ತದೆ. ಬಿಲ್ ನಂಬರ್ 1, ಬೆನ್ನು ಮಾಸಿದ ಪುಸ್ತಕ, ಬಾಗಿಲು ತೆಗೆದಿದೆ, ಹೀಗೆ ವಸ್ತುವಿನಿಂದಲೇ ಶುರುವಾಗಲಿ. ಕ್ಯಾಪ್ಷನ್ ಒಳಗೆ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ, ಮ್ಯಾಪ್ ಲಿಂಕನ್ನು ಪ್ರೊಫೈಲ್‌ನಲ್ಲಿ ಇಡಿ. ವಿಳಾಸಕ್ಕೆ ಡೋರ್ ನಂಬರ್ ಬೇಡ, ಸರ್ಕಲ್ ಮತ್ತು ಮೆಟ್ಟಿಲು ಸಾಕು. ನಮ್ಮೂರಲ್ಲಿ ಜನ ಹುಡುಕುವುದು ಹಾಗೆ.

ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಒಂದು ಪಟ್ಟಿಗೆ 256 ಜನರಿಗೆ ಮಾತ್ರ, ಅದರಲ್ಲೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ತಲುಪುತ್ತದೆ. ಸೇಲ್‌ಗೆ ಒಂದು ತಿಂಗಳು ಇರುವಾಗಲೇ ಬಿಲ್ ಕೊಡುವಾಗ "ನಂಬರ್ ಸೇವ್ ಮಾಡ್ಕೊಳ್ಳಿ, ಸೇಲ್ ಇದ್ದಾಗ ತಿಳಿಸ್ತೀವಿ" ಅನ್ನಿ. ಎಂಟೂ ಕ್ಯಾಪ್ಷನ್ ಬ್ರಾಡ್‌ಕಾಸ್ಟ್ ಮಾಡಬೇಡಿ, ಮೂರನೇ ದಿನಕ್ಕೆ ಬ್ಲಾಕ್ ಆಗುತ್ತೀರಿ. 6, 3 ಮತ್ತು 0, ಈ ಮೂರು ಸಾಕು. ಒಂದು ರಿಯಾಯಿತಿಯ ಸುದ್ದಿ, ಒಂದು ರ್ಯಾಕ್, ಒಂದು ಕರೆ. ಉಳಿದದ್ದು ಸ್ಟೇಟಸ್‌ಗೆ.

ಹಾಕುವ ಮುಂಚೆ ಎರಡು ಪರೀಕ್ಷೆ

ಎಂಟು ಕ್ಯಾಪ್ಷನ್‌ಗಳನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದು, ಸಂಖ್ಯೆ, ದಿನಾಂಕ, "ನಾಳೆ" ಎಲ್ಲ ಹೊಡೆದುಹಾಕಿ, ಕಲಸಿ. ಅಂಗಡಿಗೆ ಸಂಬಂಧವಿಲ್ಲದ ಯಾರಿಗಾದರೂ, ಮನೆಯಲ್ಲಿ ಅಕ್ಕನಿಗೋ ಪಕ್ಕದ ಅಂಗಡಿಯವರಿಗೋ, ಕೊಟ್ಟು ಸರದಿಯಲ್ಲಿ ಜೋಡಿಸಿ ಅನ್ನಿ. 7, 3 ಮತ್ತು 0 ಅವರ ಕೈಯಲ್ಲಿ ಸರಿಯಾದ ಜಾಗಕ್ಕೆ ಬಿದ್ದರೆ ಏರಿಕೆ ಇದೆ ಅಂತ ಅರ್ಥ. 6 ಮತ್ತು 5 ಅದಲು ಬದಲಾದರೆ ತಲೆ ಕೆಡಿಸಿಕೊಳ್ಳಬೇಡಿ. ಯಾವುದು ಎಲ್ಲಿಗೆ ಬೇಕಾದರೂ ಹೋಗುತ್ತದೆ ಅಂದರೆ ಮತ್ತೆ ಹಾಳೆಗೆ ವಾಪಸ್ ಹೋಗಿ, ಪದ ತಿದ್ದಿ ಪ್ರಯೋಜನ ಇಲ್ಲ.

ಎರಡನೆಯದು, ಭರ್ಜರಿ, ಬೃಹತ್, ಅದ್ಭುತ, ಸುವರ್ಣಾವಕಾಶ, ಇಂಥ ಪದ ಕಂಡಲ್ಲೆಲ್ಲ ಅಡ್ಡಗೆರೆ ಎಳೆಯಿರಿ. ಗೆರೆ ಎಳೆದ ಮೇಲೂ ಕ್ಯಾಪ್ಷನ್ ನಿಂತರೆ ಸರಿ. ಏನೂ ಉಳಿಯದಿದ್ದರೆ ಆ ದಿನಕ್ಕೆ ಸುದ್ದಿಯೇ ಇರಲಿಲ್ಲ.

ವಾರ ನಡೆಯುವಾಗ ನೋಡಬೇಕಾದ್ದು

ಲೈಕ್ ಎಣಿಸಬೇಡಿ, ಕೇಳುವ ಪ್ರಶ್ನೆ ಓದಿ. "ಎಲ್ಲಿ ಬರುತ್ತೆ?", "ಎಷ್ಟು ಗಂಟೆವರೆಗೆ?" ಅಂತ ಬರುತ್ತಿದ್ದರೆ ವಿಳಾಸದ ಸಾಲು ಕೆಳಗೆ ಹೂತುಹೋಗಿದೆ, ಮೇಲೆ ತನ್ನಿ. "ಆ ಪುಸ್ತಕ ಇದೆಯಾ?", "ರ್ಯಾಕ್‌ನಲ್ಲಿ ನಾಟಕಗಳೂ ಇದೆಯಾ?" ಅಂತ ಬಂದರೆ ಸರಣಿ ಕೆಲಸ ಮಾಡುತ್ತಿದೆ. 3ರ ಹೊತ್ತಿಗೂ ಇಂಥ ಒಂದು ಪ್ರಶ್ನೆಯೂ ಇಲ್ಲದಿದ್ದರೆ, 2ರಲ್ಲಿ ಒಂದರ ಬದಲು ಬೇರೆ ಬೇರೆ ರುಚಿಯ ಮೂರು ಪುಸ್ತಕ ತೋರಿಸಿ, ಒಂದು ಕಾದಂಬರಿ, ಒಂದು ಅಡುಗೆ, ಒಂದು ಮಕ್ಕಳದ್ದು.

ವಾರದ ಮಧ್ಯದಲ್ಲಿ ಮಾಲೀಕರು ಮನಸ್ಸು ಬದಲಾಯಿಸುವುದು ಮಾಮೂಲಿ. "ಪಕ್ಕದವರು ಶೇ 30 ಅಂತಿದ್ದಾರೆ, ನಾವೂ ಹಾಕೋಣ" ಅಂದಾಗ ಒಂದು ವಿಷಯ ಹೇಳಿ: ಅಂಕಿ ಏರಿಸಬಹುದು, ಇಳಿಸುವ ಹಾಗಿಲ್ಲ. ಏರಿಸಿದರೆ ಹಳೇ ಕ್ಯಾಪ್ಷನ್‌ಗಳನ್ನೂ ಎಡಿಟ್ ಮಾಡಿ, ಅದನ್ನೇ ಆ ದಿನದ ಸುದ್ದಿ ಮಾಡಿ. ಎರಡು ಪೋಸ್ಟ್‌ನಲ್ಲಿ ಎರಡು ಅಂಕಿ ಉಳಿದರೆ ಗಿರಾಕಿ ತೋರಿಸುವುದು ಯಾವುದು ಅಂತ ಬೇರೆ ಹೇಳಬೇಕಾ.

ಭಾನುವಾರಕ್ಕೆ ಒಂಬತ್ತನೇ ಕ್ಯಾಪ್ಷನ್ ಬೇಕಾಗುತ್ತದೆ, ಅದನ್ನು ಮೊದಲೇ ಬರೆಯೋಕೆ ಆಗುವುದಿಲ್ಲ. ಶನಿವಾರ ರಾತ್ರಿ ಷಟರ್ ಎಳೆದ ಮೇಲೆ ರ್ಯಾಕ್ ಎಣಿಸಿ, ನಿಜವಾಗಿ ಉಳಿದ ಸಂಖ್ಯೆ ಹಾಕಿ:

> ನಿನ್ನೆ ಬೆಳಿಗ್ಗೆ ರ್ಯಾಕ್‌ನಲ್ಲಿ ಸುಮಾರು 300 ಇತ್ತು. ಈಗ 84.
> ಚೀಲ ಮುಗಿದಿದೆ, ಶೇ 20 ಮತ್ತು 25 ಇದೆ. ಇವತ್ತು ಭಾನುವಾರ, ಜುಲೈ 19, ರಾತ್ರಿ 9ರವರೆಗೆ.

ರ್ಯಾಕ್ ಪೂರ್ತಿ ಖಾಲಿಯಾಗಿದ್ದರೆ ಖಾಲಿ ರ್ಯಾಕ್‌ನ ಫೋಟೊ ಹಾಕಿ, "50 ರೂಪಾಯಿದು ಮುಗಿಯಿತು" ಅಂತ ಮೊದಲ ಸಾಲಿನಲ್ಲೇ ಬರೆಯಿರಿ, ಅದಕ್ಕೋಸ್ಕರವೇ ಊರಿಂದ ಬಸ್ ಹತ್ತುವವರು ಇರುತ್ತಾರೆ. ಸೋಮವಾರ ಬೆಳಿಗ್ಗೆ ಪ್ರೊಫೈಲ್ ಮೇಲೆ ಪಿನ್ ಮಾಡಿದ ಸೇಲ್ ಪೋಸ್ಟ್ ತೆಗೆಯಿರಿ, ಬಯೋದಲ್ಲಿರುವ ಶೇ 20 ಅಳಿಸಿ, 6ರ ಕ್ಯಾಪ್ಷನ್ ಮೇಲ್ಗಡೆ "ಸೇಲ್ ಮುಗಿದಿದೆ" ಅಂತ ಸೇರಿಸಿ. ಆ ಪೋಸ್ಟ್ ಇನ್ನೂ ಕೆಲವು ದಿನ ಯಾರ್ಯಾರಿಗೋ ಕಾಣುತ್ತಲೇ ಇರುತ್ತದೆ.